ಇಪ್ಪತ್ತು ನಿಮಿಷಕ್ಕಿಂತ ಕಡಿಮೆ

ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಅವಳಿಗೆ ಮರಿ ಎಂಬ ಹೆಸರು ಅಂಟಿಕೊಂಡಿತ್ತು. ಮೂವತ್ತು ದಾಟಿ, ಕಿವಿಯ ಪಕ್ಕ ಬಿಳಿಗೂದಲು ಇಣುಕಿದ ಮೇಲೂ ಅದು ಬಿಟ್ಟುಹೋಗಲಿಲ್ಲ. ಬಟ್ಟೆ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಂಗಡಿ ಮುಚ್ಚಿದ ಕೆಲವೇ ದಿನಗಳಲ್ಲಿ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಗಿನಿಂದ ತಾಯಿಯನ್ನು ಎಬ್ಬಿಸುವುದು, ಕೂರಿಸುವುದು, ಮೀಯಿಸುವುದು, ರಾತ್ರಿ ಕರೆದರೆ ಏಳುವುದು ಎಲ್ಲ ಮರಿಯ ಪಾಲಿಗೇ ಬಂತು. ಯಾರೂ ಅವಳಿಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿದ್ದವಳು ಅವಳೊಬ್ಬಳೇ, ಅಷ್ಟೆ.

ಅವಳ ಅತ್ತಿಗೆ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಹಗಲು ಮಕ್ಕಳಿಗೆ ಪಾಠ, ಸಂಜೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡುವ ಕ್ಲಾಸು. ಟ್ಯಾಕ್ಸಿ ಓಡಿಸುವವರು, ಹೋಟೆಲಿನವರು, ಆಸ್ಪತ್ರೆಯ ಆಯಾಗಳು ಬರುತ್ತಿದ್ದರು. ಹಗಲಿನ ಪಾಠ ಹೊಟ್ಟೆಪಾಡು, ಸಂಜೆಯದು ಅವಳ ಜೀವ. ಆ ಕೋಣೆಯ ಮೆಟ್ಟಿಲು ಹತ್ತುವಾಗ ಅವಳ ಕಾಲಿಗೆ ದಣಿವೇ ಗೊತ್ತಾಗುತ್ತಿರಲಿಲ್ಲ. ಅವಳ ಗಂಡ, ಅಂದರೆ ಮರಿಯ ಅಣ್ಣ, ಲಿಫ್ಟ್ ರಿಪೇರಿ ಮಾಡುವವನು. ಯಾವಾಗ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಕೊಂಡು ಫೋನು ಮಾಡುತ್ತಾರೋ ಹೇಳಲಾಗದು.

ಹೀಗಿರುವಾಗ ಮರಿಗೆ ವಿಮಾನ ನಿಲ್ದಾಣದಲ್ಲಿ ಡಾಲರಿನಲ್ಲಿ ವ್ಯಾಪಾರ ಮಾಡುವ ಒಂದು ಅಂಗಡಿಯಿಂದ ಕರೆ ಬಂತು. ಹಳೆಯ ಅಂಗಡಿಯ ಮ್ಯಾನೇಜರು ಅವಳ ಹೆಸರು ಹೇಳಿದ್ದರಂತೆ. ಸಂಬಳ ಚೆನ್ನಾಗಿತ್ತು, ಇರಲು ಅಲ್ಲೇ ಹತ್ತಿರದಲ್ಲಿ ಕೋಣೆ ಕೊಡುತ್ತಿದ್ದರು. ಅಡ್ಡಿ ಒಂದೇ: ಇಂಗ್ಲಿಷಿನಲ್ಲಿ ಪರೀಕ್ಷೆ. ಸಾಮಾನು ಕೊಳ್ಳುವುದು, ದುಡ್ಡು, ಹೊತ್ತು ಇವುಗಳ ಮೇಲೆ ಚಿಕ್ಕ ಚಿಕ್ಕ ವಾಕ್ಯಗಳು, ನಡುವೆ ಖಾಲಿ ಜಾಗ, ಸರಿಯಾದ ಪದ ಆರಿಸಬೇಕು.

"ಅತ್ತಿಗೆ, ಸ್ವಲ್ಪ ಹೇಳ್ಕೊಡ್ತೀರಾ?" ಎಂದು ಮರಿ ಕೇಳಿದಾಗ ಟೀಚರ್ "ಅದಕ್ಕೇನಂತೆ, ಕೂತ್ಕೋ" ಎಂದಳು. ಆಗ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಪಾಠ ಹೇಳುವುದೆಂದರೆ ಅವಳಿಗೆ ಎಲ್ಲಿದ್ದರೂ ಖುಷಿಯೇ.

ಅಡುಗೆಮನೆಯ ಮೇಜೇ ಶಾಲೆಯಾಯಿತು. ಟೀಚರ್ ಒಂದು ಕಡೆ ಆಲೂಗಡ್ಡೆ ಸುರಿದಳು, ಇನ್ನೊಂದು ಕಡೆ ಸಕ್ಕರೆ ಡಬ್ಬಿ ಇಟ್ಟಳು.

"ನಮ್ಮ ಕನ್ನಡದಲ್ಲಿ ಆಲೂಗಡ್ಡೆನೂ ಕಡಿಮೆ, ಸಕ್ಕರೆನೂ ಕಡಿಮೆ. ಎರಡಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿನವರಿಗೆ ಸಾಲಲ್ಲ. ಒಂದು, ಎರಡು ಅಂತ ಬಿಡಿಬಿಡಿಯಾಗಿ ಎಣಿಸೋಕಾಗೋದು ಕಡಿಮೆ ಇದ್ರೆ ಫ್ಯೂಯರ್. ಫ್ಯೂಯರ್ ಪೊಟೇಟೋಸ್. ಎಣಿಸೋಕಾಗದೆ ಅಳೀಬೇಕಾದ್ದು ಕಡಿಮೆ ಇದ್ರೆ ಲೆಸ್. ಲೆಸ್ ಶುಗರ್."

"ಸಕ್ಕರೆ ಕಾಳು ಎಣಿಸಿದ್ರೆ?"

"ಎಣಿಸ್ತಾ ಕೂರು, ಪರೀಕ್ಷೆ ಮುಗಿದುಹೋಗುತ್ತೆ."

ಮರಿ ನಕ್ಕಳು. ಟೀಚರ್ ತನ್ನ ಪರ್ಸನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಈಗ ಇದು. ನಾಣ್ಯ ಕಡಿಮೆ ಇವೆ ಅಂದ್ರೆ?"

"ಫ್ಯೂಯರ್ ಕಾಯಿನ್ಸ್."

"ದುಡ್ಡು ಕಡಿಮೆ ಇದೆ ಅಂದ್ರೆ?"

"ದುಡ್ಡನ್ನೂ ಎಣಿಸ್ತೀವಲ್ಲ ಅತ್ತಿಗೆ. ಅಣ್ಣ ಸಂಬಳದ ದಿನ ಎಂಜಲು ಹಚ್ಚಿ ಹಚ್ಚಿ ಎಣಿಸ್ತಾನೆ."

"ಅವನು ಎಣಿಸೋದು ನೋಟನ್ನ. ಒಂದು ದುಡ್ಡು, ಎರಡು ದುಡ್ಡು ಅಂತೀವಾ? ಇಲ್ಲ. ಅದಕ್ಕೇ ಮನಿಗೆ ಲೆಸ್. ಟೈಮಿಗೂ ಹಾಗೇ, ಲೆಸ್ ಟೈಮ್."

"ಎರಡು ಹೊತ್ತು ಊಟ ಅಂತೀವಲ್ಲ."

"ಅದು ನಮ್ಮ ಹೊಟ್ಟೆಯ ಲೆಕ್ಕ, ಇಂಗ್ಲಿಷಿನವರದಲ್ಲ."

ಒಳಕೋಣೆಯಿಂದ ಅತ್ತೆಯವರೂ ನಕ್ಕದ್ದು ಕೇಳಿಸಿತು. ಮರುದಿನ ನಂಬರ್ ಆಫ್, ಅಮೌಂಟ್ ಆಫ್ ಆಯಿತು. ಗಿರಾಕಿಗಳಿಗೆ ನಂಬರ್, ಚೀಲಗಳಿಗೆ ನಂಬರ್, ಗಂಟೆಗಳಿಗೆ ನಂಬರ್. ದುಡ್ಡಿಗೆ, ಹೊತ್ತಿಗೆ, ಹಾಲಿಗೆ ಅಮೌಂಟ್. ಮರಿ ಚುರುಕಿನವಳು. ತಾಯಿಯ ಕಾಲು ನೀವುತ್ತಲೇ "ಎ ಲಾರ್ಜ್ ನಂಬರ್ ಆಫ್ ಕಸ್ಟಮರ್ಸ್, ಎ ಲಾರ್ಜ್ ಅಮೌಂಟ್ ಆಫ್ ಮನಿ" ಎಂದು ಗುನುಗುವಳು. ಇವಳು ಪಾಸಾಗುವುದು ಖಂಡಿತ ಎಂದು ಟೀಚರಿಗೆ ಅನ್ನಿಸಿತು. ಹಾಗೆ ಅನ್ನಿಸಿದ ದಿನವೇ ಅತ್ತೆಯ ಮಂಚದ ಕಡೆ ಒಮ್ಮೆ ಕಣ್ಣು ಹೋಯಿತು.

ಪರೀಕ್ಷೆಯ ಹಿಂದಿನ ದಿನ ಗಂಡ ಊಟ ಮಾಡುತ್ತ ತಗ್ಗಿದ ದನಿಯಲ್ಲಿ ಕೇಳಿದ: "ಮರಿ ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರು?"

ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಹಗಲು ಪಕ್ಕದ ಮನೆಯವರು ಬಂದು ನೋಡ್ಕೊಂಡು ಹೋಗ್ತಾರೆ ಅಂತಿಟ್ಕೊ. ಸಂಜೆ? ನಾನಂತೂ ಯಾವಾಗ ಬರ್ತೀನೋ ನನಗೇ ಗೊತ್ತಿರಲ್ಲ. ನೀನು ಆ ಸಂಜೆ ಕ್ಲಾಸು ಬಿಡ್ಬೇಕಾಗುತ್ತೇನೋ."

ಅವನು ಕೈ ತೊಳೆದು ಎದ್ದುಹೋದ. ಅವಳು ತಟ್ಟೆ ಎತ್ತಿ, ಮೇಜು ಒರೆಸಿ, ಇಸ್ತ್ರಿಪೆಟ್ಟಿಗೆ ಹಿಡಿದಳು. ಸೊಂಟ ಹಿಡಿದು ಎಬ್ಬಿಸುವುದು, ಮೀಯಿಸುವುದು, ಚಾದರ ಬದಲಿಸುವುದು ಒಂದೊಂದಾಗಿ ಕಣ್ಣ ಮುಂದೆ ಬಂದವು. ಗ್ರಂಥಾಲಯದ ಮೇಲಿನ ಕೋಣೆಗೆ ಬೇರೆ ಯಾರೋ ಬೀಗ ತೆಗೆಯುತ್ತಿರುವುದೂ ಕಂಡಿತು.

ಆಗಲೇ ಮರಿ ಪುಸ್ತಕ ಹಿಡಿದುಕೊಂಡು ಬಂದಳು.

"ಅತ್ತಿಗೆ, ಒಂದೇ ಒಂದು ಅನುಮಾನ. ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಅನ್ನೋಕೆ ಏನು ಹಾಕ್ಬೇಕು? ನಿಮಿಷ ಎಣಿಸ್ತೀವಿ. ಹಾಗಾದ್ರೆ ಫ್ಯೂಯರ್ ದ್ಯಾನ್ ಟ್ವೆಂಟಿ ಮಿನಿಟ್ಸ್ ಆಗ್ಬೇಕು. ಆದ್ರೆ ಟೀವಿಯಲ್ಲಿ ಲೆಸ್ ದ್ಯಾನ್ ಅಂದಿದ್ದು ಕೇಳಿದ ಹಾಗಿದೆ."

ಟೀಚರಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಅದೇ ವಾರ ಸಂಜೆಯ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ತಿಳಿಸಿದ್ದಳು. ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತು ಬಿಡಿ ಸಾಮಾನಲ್ಲ, ಒಂದೇ ಉದ್ದನೆಯ ಹೊತ್ತು. ಐವತ್ತು ಡಾಲರ್ ಎಂದರೆ ಐವತ್ತು ಬಿಡಿ ನೋಟಲ್ಲ, ಒಂದೇ ಮೊತ್ತ. ಅದಕ್ಕೇ ಅಂಥ ಕಡೆ ಲೆಸ್ ದ್ಯಾನ್. ಹೇಳಲು ಅರೆಗಳಿಗೆ ಸಾಕಿತ್ತು.

"ಎಣಿಸೋದಕ್ಕೆ ಫ್ಯೂಯರ್ ಅಂತ ಹೇಳಿಲ್ವಾ," ಎಂದಳು ತಲೆಯೆತ್ತದೆ. "ನಿಮಿಷ ಎಣಿಸ್ಬಹುದು ತಾನೆ?"

"ಡಾಲರಿಗೂ?"

"ಎಣಿಸ್ತಾರಲ್ಲ."

"ಸರಿ ಹಾಗಾದ್ರೆ. ಟೀವಿಯವರದ್ದೇ ತಪ್ಪು," ಎಂದು ಮರಿ ನಿರಾಳವಾಗಿ ಹೋದಳು. ಟೀಚರ್ ಅಂಗಿಯ ತೋಳನ್ನು ಇಸ್ತ್ರಿ ಮಾಡಿದಳು, ಮಡಿಕೆ ಓರೆಯಾಯಿತು, ಮತ್ತೆ ಮಾಡಿದಳು. ತಲೆ ಚಿಟ್ಟುಹಿಡಿದಿತ್ತು, ಯೋಚನೆಯಿಲ್ಲದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗಿದ್ದರೆ ಈಗ ಹೋಗಿ ತಿದ್ದಬಹುದಲ್ಲ ಎಂಬ ಮಾತು ಅದರ ಬೆನ್ನಿಗೇ ಬಂತು. ಅವಳು ಇನ್ನೊಂದು ಅಂಗಿ ಎತ್ತಿಕೊಂಡಳು.

ಬೆಳಿಗ್ಗೆ ಟೀಚರ್ ಎದ್ದಾಗ ಮರಿ ಆಗಲೇ ಹೊರಟುಹೋಗಿದ್ದಳು. ತಾಯಿಯನ್ನು ಮೀಯಿಸಿ, ತಲೆ ಬಾಚಿ, ಹಾಸಿಗೆಯ ಪಕ್ಕ ನೀರಿಟ್ಟು ಹೋಗಿದ್ದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಟೀಚರ್ ಫೋನು ತೆಗೆದಳು. ಪರೀಕ್ಷೆ ಶುರುವಾಗಲು ಇನ್ನೂ ಸಾಕಷ್ಟು ಹೊತ್ತಿತ್ತು. "ಮರಿ, ನಿನ್ನೆ ಹೇಳಿದ್ದು ತಪ್ಪು. ನಿಮಿಷ, ಡಾಲರಿಗೆ ಲೆಸ್ ದ್ಯಾನ್" ಎಂದು ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಪಕ್ಕದ ಕುರ್ಚಿಯ ಗಣಿತದ ಮೇಷ್ಟ್ರು, "ಏನ್ ಟೀಚರ್, ಮನೇಲಿ ಎಲ್ಲ ಆರಾಮಾ?" ಎಂದರು. "ಆರಾಮು ಸರ್" ಎಂದಳು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ಫೋನನ್ನು ಚೀಲಕ್ಕೆ ಹಾಕಿದಳು. ಇನ್ನು ಬಾಯಿಗೆ ಬಂದದ್ದು ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಬಾಯಿ ತಪ್ಪಬಹುದು, ಬೆರಳು ಅಷ್ಟು ನಿಧಾನವಾಗಿ ತಪ್ಪುವುದಿಲ್ಲ.

ಸಂಜೆ ಮನೆಗೆ ಬಂದಾಗ ಮರಿ ತಾಯಿಯ ಮಂಚದ ಅಂಚಿನಲ್ಲಿ ಕೂತಿದ್ದಳು. ಫಲಿತಾಂಶ ಕಂಪ್ಯೂಟರಿನಲ್ಲೇ ಆಗಿಂದಾಗ ಬಂದಿತ್ತಂತೆ.

"ಕೂದಲೆಳೆಯಲ್ಲಿ ಹೋಯ್ತು ಅತ್ತಿಗೆ," ಎಂದಳು. ನಗಲು ನೋಡಿದಳು. "ಉಳಿದದ್ದೆಲ್ಲ ಚೆನ್ನಾಗೇ ಮಾಡಿದ್ದೆ. ಈ ಕಡಿಮೆ ಕಡಿಮೆ ಅನ್ನೋ ಭಾಗದಲ್ಲಿ ಬಿದ್ದೆ. ನಡ್ಕೊಂಡು ಹೋದ್ರೆ ಹತ್ತು ನಿಮಿಷಕ್ಕಿಂತ ಕಡಿಮೆ ಅಂತ ಒಂದು. ಈ ಚೀಲದ ಬೆಲೆ ಐವತ್ತು ಡಾಲರಿಗಿಂತ ಕಡಿಮೆ ಅಂತ ಒಂದು. ಅಂಗಡಿ ಮುಚ್ಚೋಕೆ ಎರಡು ಗಂಟೆಗಿಂತ ಕಡಿಮೆ ಇದೆ ಅಂತ ಇನ್ನೊಂದು. ಮೊದಲು ಕಿವಿಗೆ ಸರಿ ಅನ್ನಿಸಿದ್ದು ಒತ್ತಿದ್ದೆ, ಲೆಸ್ ಅಂತ. ಆಮೇಲೆ ನೀವು ಹೇಳಿದ್ದು ನೆನಪಾಗಿ ಎಲ್ಲ ಫ್ಯೂಯರ್ ಮಾಡಿದೆ. ಅದು ಹೇಗೆ ತಪ್ಪಾಯ್ತೋ. ನೀವು ಹೇಳಿದ್ದನ್ನ ನಾನೇ ಉಲ್ಟಾ ತಿಳ್ಕೊಂಡೆ ಅನ್ಸುತ್ತೆ."

ಟೀಚರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿದ್ದಳು. ಚಪ್ಪಲಿ ಕಾಲಿನಿಂದ ಕಳಚಿ ಎಷ್ಟೋ ಹೊತ್ತಾಗಿದ್ದರೂ ತಲೆ ತಗ್ಗಿಸಿಯೇ ಇದ್ದಳು.

"ಮುಂದಿನ ತಿಂಗಳು ಇನ್ನೊಂದು ಸಲ ಬರೀಬಹುದಂತೆ," ಎಂದರು ಅತ್ತೆ.

"ಬೇಡ ಬಿಡಮ್ಮ. ಮನೇಲೇ ಟೀಚರ್ ಇಟ್ಕೊಂಡು ಪಾಸಾಗದವಳಿಗೆ ಇನ್ನೊಂದು ಸಲ ಬೇರೆ ಕೇಡು. ನನ್ನ ತಲೆಗೆ ಹತ್ತಲ್ಲ."

ಗಂಡ ಬಂದವನು ವಿಷಯ ಕೇಳಿ, "ಹೋಗ್ಲಿ ಬಿಡು ಮರಿ, ಆಗೋದೆಲ್ಲ ಒಳ್ಳೇದಕ್ಕೇ" ಎಂದ. ಹೇಳುವಾಗ ಅವನ ಮುಖದಲ್ಲಿ ಹೊರೆ ಇಳಿಸಿದವನ ನೆಮ್ಮದಿಯಿತ್ತು. ತಾನೂ ಹೀಗೇ ಕಾಣುತ್ತಿರಬಹುದೇ ಎಂದು ಟೀಚರಿಗೆ ಹೆದರಿಕೆಯಾಯಿತು. ಬಚ್ಚಲಿಗೆ ಹೋಗಿ ಬೇಕಿಲ್ಲದಿದ್ದರೂ ಮುಖ ತೊಳೆದಳು.

ಅಲ್ಲಿಂದ ಮುಂದೆ ಮನೆ ಮೊದಲಿನಂತೆಯೇ ನಡೆಯಿತು, ಅವಳಿಗೆ ತಡೆಯಲಾರದ್ದು ಅದೇ. ಮರಿ ಸಿಡುಕಿದ್ದರೆ, ಬಾಗಿಲು ಬಡಿದಿದ್ದರೆ ಎಷ್ಟೋ ವಾಸಿಯಿತ್ತು. ಅವಳೋ ಇನ್ನೂ ಹೆಚ್ಚಿಗೆ ಕೆಲಸ ಮೈಮೇಲೆ ಹಾಕಿಕೊಂಡಳು. ಅತ್ತಿಗೆ ಕ್ಲಾಸಿನಿಂದ ಬರುವ ಹೊತ್ತಿಗೆ ಟೀ ಕಾಯಿಸಿಟ್ಟಿರುವಳು. "ನಿಮ್ಮ ಹೊತ್ತು ದಂಡ ಮಾಡಿಸಿಬಿಟ್ಟೆ ಅತ್ತಿಗೆ" ಎಂದು ಒಮ್ಮೆ ಹೇಳಿಯೂಬಿಟ್ಟಳು. ಇಂಗ್ಲಿಷ್ ಪುಸ್ತಕವನ್ನು ಒರೆಸಿ ಕಪಾಟಿನಲ್ಲಿ ವಾಪಸಿಟ್ಟಳು. ಗುನುಗುವುದು ನಿಂತುಹೋಯಿತು. ಟೀಚರ್ ಆ ಟೀಯನ್ನು ಸಿಂಕಿಗೆ ಚೆಲ್ಲಿ ಲೋಟ ತೊಳೆದಿಡುತ್ತಿದ್ದಳು, ಅದನ್ನೂ ಕದ್ದು.

ಸಂಜೆಯ ಕ್ಲಾಸಿನಲ್ಲಿ ಟ್ಯಾಕ್ಸಿಯವನೊಬ್ಬ ಎದ್ದು ನಿಂತು ಕೇಳಿದ: "ಮೇಡಂ, ಹೋದ ಸಲ ರಜೆ ಹಾಕಿದ್ದೆ. ಗಿರಾಕಿ ಏರ್‌ಪೋರ್ಟಿಗೆ ಎಷ್ಟು ಹೊತ್ತು ಅಂತಾನೆ. ಅರ್ಧ ಗಂಟೆಗಿಂತ ಕಡಿಮೆ, ಮೂವತ್ತು ನಿಮಿಷಕ್ಕಿಂತ ಕಡಿಮೆ ಅನ್ನೋದು ಹೇಗೆ?"

"ಲೆಸ್ ದ್ಯಾನ್ ಥರ್ಟಿ ಮಿನಿಟ್ಸ್," ಎಂದಳು ತಡೆಯದೆ. ಹೊರಗಿನವನಿಗೆ ಕೇಳಿದ ತಕ್ಷಣ ಕೊಟ್ಟದ್ದನ್ನು ಮನೆಯ ಮಗಳಿಗೆ ಕೊಡಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಹಿಡಿದು ಕೊಂಚ ಹೊತ್ತು ಬೋರ್ಡಿಗೆ ಮುಖ ಮಾಡಿ ನಿಂತಳು. ಅಂದು ಕ್ಲಾಸು ಬೇಗ ಬಿಟ್ಟಳು.

ಮರಿ ತಾರಸಿಯಲ್ಲಿ ಒಣಗಿದ ಚಾದರ ತೆಗೆಯುತ್ತಿದ್ದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಟೀಚರ್ ಚೀಲ ಕೆಳಗಿಟ್ಟು ಚಾದರದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಹಿಡಿದು ಕೊಡವಿದರು.

"ಮರಿ, ನೀನು ಮೊದಲು ಒತ್ತಿದ್ದೇ ಸರಿ. ಲೆಸ್ ದ್ಯಾನ್."

"ಯಾವುದಕ್ಕೆ?"

"ಹತ್ತು ನಿಮಿಷಕ್ಕೆ. ಐವತ್ತು ಡಾಲರಿಗೆ. ಎಲ್ಲಕ್ಕೂ."

ಮರಿ ಚಾದರ ಮಡಿಸಿಕೊಂಡು ಹತ್ತಿರ ಬಂದಳು. "ಅವತ್ತು ನೀವು ಫ್ಯೂಯರ್ ಅಂದ್ರಲ್ಲ?"

"ಹೂಂ."

"ಮರೆತಿದ್ರಾ?"

ಕೇಳಿದ ರೀತಿಯಲ್ಲಿ ಅನುಮಾನವಿರಲಿಲ್ಲ. ದಾಟಿಕೊಳ್ಳಲು ಅವಳೇ ಹಲಗೆ ಹಾಕಿಕೊಟ್ಟಂತಿತ್ತು. ಹೂಂ ಎಂದಿದ್ದರೆ ಇಬ್ಬರೂ ಸೇರಿ ಉಳಿದ ಬಟ್ಟೆ ಮಡಿಸಿ ಕೆಳಗಿಳಿಯಬಹುದಿತ್ತು.

"ಇಲ್ಲ. ಗೊತ್ತಿತ್ತು," ಎಂದಳು ಟೀಚರ್. "ಪರೀಕ್ಷೆ ದಿನ ಬೆಳಿಗ್ಗೆ ನಿನಗೆ ಬರೆದು ಕಳಿಸೋಕೆ ಹೋಗಿ ಅಳಿಸಿದೆ. ನೀನು ಹೋದ್ರೆ ಅತ್ತೇನ ನಾನು ನೋಡ್ಕೋಬೇಕು, ನನ್ನ ಕ್ಲಾಸು ಹೋಗುತ್ತೆ ಅಂತ."

ಮರಿ ಮಡಿಸಿದ ಚಾದರವನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಮಡಿಸಿದಳು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತಿಕೊಳ್ಳಲೊಲ್ಲದು.

"ಬಾಯಿಬಿಟ್ಟು ಕೇಳಿದ್ದಿದ್ರೆ ಇರ್ತಿದ್ದೆ ಅತ್ತಿಗೆ," ಎಂದಳು ಕೊನೆಗೆ. "ಮರಿ, ಇನ್ನೊಂದು ವರ್ಷ ತಡಿ, ನನ್ನ ಕೈಲಾಗಲ್ಲ ಅಂದಿದ್ರೆ ನಾನೇ ಆ ಅಂಗಡಿಯವರಿಗೆ ಬೇಡ ಅಂತಿದ್ದೆ. ನಿಮ್ಮ ಕ್ಲಾಸು ಅಂದ್ರೆ ನಿಮಗೆಷ್ಟು ಅಂತ ನನಗೆ ಗೊತ್ತಿಲ್ವಾ? ನಾನು ದಡ್ಡಿ ಅಂತ ನನ್ನ ಕೈಲೇ ಅನ್ನಿಸಿದ್ರಲ್ಲ, ಅದು ಬೇಡಾಗಿತ್ತು."

"ತಪ್ಪಾಯ್ತು."

"ಆಯ್ತು." ಮರಿ ಬಟ್ಟೆಯ ರಾಶಿ ಎತ್ತಿಕೊಂಡಳು. "ಈಗ ಹೋಗ್ತೀನಿ. ಮುಂದಿನ ತಿಂಗಳು ಬರೀತೀನಿ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳ್ಕೊಡಿ."

ಮೆಟ್ಟಿಲ ಬಳಿ ನಿಂತು ತಿರುಗಿದಳು. "ಅಮ್ಮನಿಗೆ ಇದೆಲ್ಲ ಹೇಳ್ಬೇಡಿ. ಇನ್ನು ಮೇಲೆ ಅವಳು ನಿಮ್ಮ ಕೈಯಲ್ಲೇ ತಾನೆ ಮೀಯ್ಬೇಕು, ಉಣ್ಬೇಕು. ಮನಸ್ಸು ಮುರಿದ್ರೆ ಕಷ್ಟ."

ಮತ್ತೆ ಅಡುಗೆಮನೆಯ ಮೇಜಿನ ಪಾಠ ಶುರುವಾಯಿತು. ಟೀಚರ್ ಏನನ್ನೂ ಬಚ್ಚಿಡಲಿಲ್ಲ. ಇಪ್ಪತ್ತು ನಿಮಿಷ ಹೇಗೆ ಒಂದೇ ಹೊತ್ತು, ಐವತ್ತು ಡಾಲರ್ ಹೇಗೆ ಒಂದೇ ಮೊತ್ತ ಎಂದು ಬಿಡಿಸಿ ಹೇಳಿದಳು.

"ಹಾಗಾದ್ರೆ ವಾರಕ್ಕೆ ಕಡಿಮೆ ಗಂಟೆ ಕೆಲಸ ಮಾಡ್ತಾಳೆ ಅನ್ನೋಕೆ?"

"ಅಲ್ಲಿ ಫ್ಯೂಯರ್ ಅವರ್ಸ್. ಗಂಟೆಗಳನ್ನ ಒಂದೊಂದಾಗಿ ಎಣಿಸ್ತಿದ್ದೀಯ."

"ಪರ್ಸಲ್ಲಿ ಐದಕ್ಕಿಂತ ಕಡಿಮೆ ನಾಣ್ಯ?"

"ಫ್ಯೂಯರ್ ದ್ಯಾನ್ ಫೈವ್ ಕಾಯಿನ್ಸ್. ನಾಣ್ಯ ಬಿಡಿಬಿಡಿ. ಐದು ಡಾಲರಿಗಿಂತ ಕಡಿಮೆ ಅಂದ್ರೆ ಲೆಸ್ ದ್ಯಾನ್ ಫೈವ್ ಡಾಲರ್ಸ್."

ಮರಿ ತಲೆದೂಗುವಳು. ಆಮೇಲೆ ಪಕ್ಕದಲ್ಲಿಟ್ಟ ಫೋನೆತ್ತಿ ಅದೇ ಪ್ರಶ್ನೆಯನ್ನು ಅಲ್ಲಿಯೂ ಹುಡುಕಿ ನೋಡುವಳು. ಚುಚ್ಚಬೇಕೆಂದಲ್ಲ, ಮುಚ್ಚಿಟ್ಟುಕೊಂಡೂ ಅಲ್ಲ. ಮೇಜಿನ ಮೇಲೆಯೇ, ಎದುರಿಗೇ. ಸರಿಯೆಂದು ಕಂಡರೆ "ಹೂಂ, ಸರಿ ಇದೆ" ಎಂದು ಮುಂದಿನದಕ್ಕೆ ಹೋಗುವಳು. ಎಷ್ಟೋ ವರ್ಷ ಬೇರೆಯವರ ಉತ್ತರಗಳಿಗೆ ಸರಿ ಗುರುತು ಹಾಕಿದ ಟೀಚರ್ ತನ್ನ ಉತ್ತರಕ್ಕೆ ಸರಿ ಬೀಳುವುದನ್ನು ಉಸಿರು ಹಿಡಿದು ಕಾಯುತ್ತಿದ್ದಳು.

ಗಂಡನಿಗೂ ಹೇಳಿದಳು. ಬಯ್ಯಲಿ ಎಂದೇ ಹೇಳಿದಳು. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ನಿನ್ನನ್ನ ಏನನ್ನಲಿ," ಎಂದ. "ಅವತ್ತು ಊಟದ ಹೊತ್ತಲ್ಲಿ ನಿನ್ನ ತಲೆಗೆ ಹುಳ ಬಿಟ್ಟವನು ನಾನೇ. ಅವಳು ಫೇಲಾದಳು ಅಂದಾಗ ನನಗೂ ಒಂಥರಾ ಹಾಯೆನಿಸಿತ್ತು." ಅವನು ವಾರದಲ್ಲಿ ಎರಡು ಸಂಜೆ ತಾನು ಮನೆಯಲ್ಲಿರುತ್ತೇನೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬೇರೆಯವರು ಬಿಡಿಸಲಿ ಎಂದು ಹೇಳಿದ. ಇದೇ ಮಾತನ್ನು ಮೊದಲೇ ಆಡಿಕೊಂಡಿದ್ದರೆ ಎಂದು ಇಬ್ಬರಿಗೂ ಹೊಳೆಯಿತು.

ಮರಿ ಪಾಸಾದಳು, ಒಳ್ಳೆಯ ಅಂಕದಲ್ಲೇ. ಹೊರಡುವ ದಿನ ಅತ್ತಿಗೆಯ ಕಾಲು ಮುಟ್ಟಲು ಬಗ್ಗಿದಾಗ ಟೀಚರ್ ಹಿಂದೆ ಸರಿದಳು. ಮರಿ ಅರೆಬಗ್ಗಿದವಳು ನೆಟ್ಟಗಾಗಿ, "ಅಮ್ಮ ನೋಡ್ತಿದ್ದಾಳೆ, ಸುಮ್ನೆ ನಿಂತ್ಕೊಳ್ಳಿ" ಎಂದು ಪಿಸುಗುಟ್ಟಿ ಕಾಲು ಮುಟ್ಟಿಯೇ ಹೋದಳು.

ಸಂಜೆಯ ಕ್ಲಾಸು ಎರಡು ದಿನಕ್ಕಿಳಿಯಿತು, ಆದರೆ ಉಳಿಯಿತು. ಮರಿ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅಂಗಡಿಯ ಸುದ್ದಿ, ಗಿರಾಕಿಗಳ ಸುದ್ದಿ, ಕೋಣೆಯ ಜೊತೆಗಾತಿಯ ಗೊರಕೆಯ ಸುದ್ದಿ ಎಲ್ಲ ಹೇಳುತ್ತಾಳೆ. ಇಂಗ್ಲಿಷಿನ ಒಂದು ಪದದ ಅರ್ಥವನ್ನೂ ಕೇಳುವುದಿಲ್ಲ. ಟೀಚರ್ ಒಮ್ಮೆ ತಾನಾಗಿ "ಏನಾದ್ರೂ ಅನುಮಾನ ಇದ್ರೆ ಕೇಳು" ಎಂದಳು. "ಇಲ್ಲ ಅತ್ತಿಗೆ, ಇಲ್ಲೊಬ್ಬರಿದ್ದಾರೆ ಹೇಳ್ಕೊಡೋರು" ಎಂದು ಮರಿ ಅಷ್ಟೇ ಮೆತ್ತಗೆ ಉತ್ತರ ಕೊಟ್ಟಳು.

ಅತ್ತೆಯವರ ಕಾಲಿಗೆ ವ್ಯಾಯಾಮ ಮಾಡಿಸುವ ಹೆಂಗಸು ಹೊಸದಾಗಿ ಬರತೊಡಗಿದ್ದಳು. ಟೀಚರ್ ಮಂಚದ ಬದಿಯಲ್ಲಿ ಕೂತು ಅತ್ತೆಯ ಕಾಲುಗುರು ಕತ್ತರಿಸುತ್ತಿದ್ದಳು. ಅತ್ತೆ ಆ ಹೆಂಗಸಿಗೆ ಹೇಳುತ್ತಿದ್ದರು: "ನನ್ನ ಮಗಳು ಏರ್‌ಪೋರ್ಟಲ್ಲಿ ಕೆಲಸಕ್ಕಿದ್ದಾಳೆ. ಎಲ್ಲ ನನ್ನ ಸೊಸೆಯ ಪುಣ್ಯ. ಒಂದ್ಸಲ ಫೇಲಾಗಿ ಕೈಬಿಟ್ಟಿದ್ಲು. ಇವಳೇ ಬಿಡದೆ ಕೂರಿಸ್ಕೊಂಡು ಹೇಳ್ಕೊಟ್ಲು. ಯಾವ ಅತ್ತಿಗೆ ಮಾಡ್ತಾಳೆ ಹೇಳಿ, ನಾದಿನಿಗೆ?"

"ಹೌದಾ ಮೇಡಂ?" ಎಂದು ಆ ಹೆಂಗಸು ಮೆಚ್ಚಿಕೆಯಿಂದ ತಿರುಗಿದಳು.

ಟೀಚರ್ ಬಗ್ಗಿದ ತಲೆ ಎತ್ತಲಿಲ್ಲ. "ಅತ್ತೆ, ಕಾಲು ಅಲುಗಿಸ್ಬೇಡಿ," ಎಂದಳು. "ಉಗುರು ಒಳಗೆ ಹೋಗಿದೆ. ನೋವಾಗುತ್ತೆ."